ಚೀಟಿಯಲ್ಲಿ ಬಂದ ಹೆಸರು: ಒಂಬತ್ತನೇ ತರಗತಿಯ ಒಂದು ವಿಡಂಬನೆಯನ್ನು ತಿದ್ದಿ ಬರೆದ ಬಗೆ

ಬೋಧನಾಭ್ಯಾಸಕ್ಕೆಂದು ನನ್ನನ್ನು ಸುಬ್ರಹ್ಮಣ್ಯಪುರದ ಒಂದು ಪ್ರೌಢಶಾಲೆಗೆ ಹಾಕಿದ್ದರು. 2024ರ ಬೇಸಿಗೆಯ ನೀರಿನ ಬರ ಮಕ್ಕಳಿಗೆ ಇನ್ನೂ ಮರೆತಿರಲಿಲ್ಲ. ಒಂಬತ್ತನೇ ತರಗತಿಗೆ ಕನ್ನಡ ಭಾಷಾ ಚಟುವಟಿಕೆಯಾಗಿ ನಾನು ಕೊಟ್ಟ ಕೆಲಸ ಸರಳವಾಗಿತ್ತು. 'ನಿಮ್ಮ ಬೀದಿಯ ಒಂದು ತೊಂದರೆಯನ್ನು ನಗೆಯಾಗುವಂತೆ ಬರೆದು, ಎಂಟು ನಿಮಿಷದಲ್ಲಿ ಆಡಿ ತೋರಿಸಿ.' ಆಯ್ಕೆಯಾದದ್ದನ್ನು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಆಡಿಸುವುದೆಂದು ಮುಖ್ಯ ಶಿಕ್ಷಕರು ಒಪ್ಪಿದ್ದರು. ನಾಲ್ಕು ಗುಂಪುಗಳಲ್ಲಿ ಮೂರು ಗುಂಪಿನ ಬರಹ ಸಾಧಾರಣವಾಗಿತ್ತು. ನಾಲ್ಕನೆಯದು ನಿಜಕ್ಕೂ ಚೆನ್ನಾಗಿತ್ತು. ಅದರಿಂದಲೇ ಪೇಚಾಟವೂ ಶುರುವಾಯಿತು.

ಅದರ ಹೆಸರು 'ನೀರಿನ ದೊರೆ'. ಆರು ಮಕ್ಕಳು ಸೇರಿ ಬರೆದದ್ದು. ದೊರೆ ಎಂದರೆ ಟ್ಯಾಂಕರ್ ನೀರು ಮಾರುವವನು. ಅವನ ಜೊತೆಗೆ ಒಬ್ಬ ಮಂತ್ರಿ, ಅಂದರೆ ಬೀದಿಗೆ ಕಾವೇರಿ ನೀರು ಬಿಡುವ ವಾಲ್ವ್‌ಮನ್. ದೊರೆ ಕೆರೆಯ ನೀರನ್ನೇ ತುಂಬಿಸಿ ಕುಡಿಯುವ ನೀರೆಂದು ಮಾರುತ್ತಾನೆ. ಮಂತ್ರಿಗೆ ಲಂಚ ಕೊಟ್ಟು ನಲ್ಲಿ ನೀರು ನಿಲ್ಲಿಸುತ್ತಾನೆ. ಒಂದು ಲೋಡಿಗೆ 1,800 ರೂಪಾಯಿ ಕೇಳುತ್ತಾನೆ. ಕೊನೆಗೆ ಬೀದಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ಅವನನ್ನು ಅಟ್ಟಿಸಿಕೊಂಡು ಹೋಗುತ್ತಾರೆ.

ಮೊದಲ ತಾಲೀಮನ್ನು ಬೇರೆ ತರಗತಿಯ ಮಕ್ಕಳೂ ಕಿಟಕಿಯಲ್ಲಿ ನಿಂತು ನೋಡಿದರು. ದೊರೆಯ ಪಾತ್ರದ ಹುಡುಗ ಹೆಗಲ ಮೇಲೆ ಟವೆಲು ಹಾಕಿಕೊಂಡು, ಒಂದು ಕಾಲು ಸ್ವಲ್ಪ ಎಳೆದುಕೊಂಡು ಒಳಗೆ ಬಂದ. ಅವನು ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಹುಡುಗ ಒಳ್ಳೆಯ ನಟ ಎಂದುಕೊಂಡು. ಆಮೇಲೆ ನನ್ನ ಮಾರ್ಗದರ್ಶಕ ಶಿಕ್ಷಕಿ ಕರೆದು ಕೇಳಿದರು: "ಮಾತೇ ಆಡಿಲ್ಲ, ಯಾಕೆ ನಕ್ಕರು ಅಂತ ಯೋಚನೆ ಮಾಡಿದಿರಾ?"

ಮಾತಿಗೆ ಮೊದಲೇ ನಗೆ ಬಂದರೆ, ನೋಡುವವರು ನಗುತ್ತಿರುವುದು ಬರಹಕ್ಕಲ್ಲ, ತಮಗೆ ಗೊತ್ತಿರುವ ಒಬ್ಬ ಮನುಷ್ಯನಿಗೆ. ವಿಚಾರಿಸಿದಾಗ ಹಾಗೆಯೇ ಆಗಿತ್ತು. ಟವೆಲು, ಎಳೆದ ಕಾಲು, ಮಾತಿನ ಕೊನೆಗೆ ಸದಾ ಸೇರಿಸುವ ಒಂದು ಪದ, ಲಾರಿಯ ಮೇಲಿನ ಬರಹ, ಎಲ್ಲವೂ ಅಲ್ಲಿನ ಒಬ್ಬ ಟ್ಯಾಂಕರ್ ಮಾಲೀಕರದ್ದು. ಆ ಪದವನ್ನಾಗಲಿ ಲಾರಿಯ ಬರಹವನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಮಕ್ಕಳಿಗೆ ಬೇಡವೆಂದದ್ದನ್ನು ನಾನೇ ಮಾಡಿದ ಹಾಗಾಗುತ್ತದೆ. ಅದಕ್ಕಿಂತ ಬೇಸರದ ವಿಷಯ ಇನ್ನೊಂದಿತ್ತು. ವಾಲ್ವ್‌ಮನ್‌ಗೆ ಸ್ಕಿಟ್‌ನಲ್ಲಿ ಹೆಸರೇ ಇರಲಿಲ್ಲ. ಆದರೆ ಆ ಬೀದಿಗಳಿಗೆ ನೀರು ಬಿಡುವವರು ಒಬ್ಬರೇ, ಮತ್ತು ಅವರ ಮಗು ಇದೇ ಶಾಲೆಯ ಕೆಳಗಿನ ತರಗತಿಯಲ್ಲಿ ಓದುತ್ತಿತ್ತು. ತಾಲೀಮಿನ ದಿನ ಕಿಟಕಿಯ ಹತ್ತಿರ ಅದೂ ಇತ್ತು. ಮಾರನೆಯ ದಿನ ಆ ಮಗು ಶಾಲೆಗೆ ಬರಲಿಲ್ಲ.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಶಿಕ್ಷಕರು ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನಹಾನಿಯದು. ಹಳೆಯ ದಂಡ ಸಂಹಿತೆಯ 499 ಮತ್ತು 500ನೇ ಕಲಮುಗಳೇ ಹೆಚ್ಚುಕಡಿಮೆ ಹಾಗೆಯೇ ಇಲ್ಲಿಗೆ ಬಂದಿವೆ. ಒಬ್ಬರ ಹೆಸರು ಕೆಡುತ್ತದೆ ಎಂದು ತಿಳಿದೋ, ಕೆಡಿಸಲೆಂದೋ ಅವರ ಮೇಲೆ ಆರೋಪ ಹೊರಿಸಿ ಹರಡಿದರೆ ಅದು ಅಪರಾಧ. ಆರೋಪ ಮಾತಿನಲ್ಲೇ ಇರಬೇಕೆಂದಿಲ್ಲ. ಸನ್ನೆಯಲ್ಲಿರಬಹುದು, ಕಣ್ಣಿಗೆ ಕಾಣುವ ರೂಪದಲ್ಲಿರಬಹುದು. ಕಾನೂನೇ ಕೊಡುವ ಉದಾಹರಣೆಗಳು ತರಗತಿಗೆ ಹೇಳಿಮಾಡಿಸಿದಂತಿವೆ. ಕೈಗಡಿಯಾರ ಕದ್ದವರು ಯಾರೆಂದು ಕೇಳಿದಾಗ ಒಬ್ಬನ ಕಡೆ ಬೆರಳು ತೋರಿಸುವುದು ಒಂದು. ಅವನು ಗಡಿಯಾರ ಹಿಡಿದು ಓಡುವ ಚಿತ್ರ ಬರೆಯುವುದು ಇನ್ನೊಂದು. 'ಅವನು ಬಹಳ ಪ್ರಾಮಾಣಿಕ, ಗಡಿಯಾರ ಕದಿಯುವವನೇ ಅಲ್ಲ' ಎಂದು ಕದ್ದನೆಂಬ ಅರ್ಥ ಬರುವ ಹಾಗೆ ಹೇಳುವುದು ಮೂರನೆಯದು. ವ್ಯಂಗ್ಯವಾಗಿ ಹೇಳಿದರೂ ಮಾನಹಾನಿಯಾಗಬಹುದು ಎಂದು ಅದರ ವಿವರಣೆಯಲ್ಲೇ ಇದೆ. 'ತಮಾಷೆಗೆ ಮಾಡಿದ್ದು ಸಾರ್' ಎಂಬುದು ಹಾಗಾಗಿ ಉತ್ತರವಾಗುವುದಿಲ್ಲ. ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಇಲ್ಲವೇ ಸಮುದಾಯ ಸೇವೆ.

ಈ ಕಲಮಿಗೆ ಹತ್ತು ವಿನಾಯಿತಿಗಳಿವೆ. ನಮಗೆ ಬೇಕಾದವು ಎರಡೇ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನಹಾನಿಯಲ್ಲ. ಸರ್ಕಾರಿ ನೌಕರರು ಸಾರ್ವಜನಿಕ ಕೆಲಸದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದೂ ಅಲ್ಲ. ಆದರೆ ಅಭಿಪ್ರಾಯ ಹೇಳುವುದು ಬೇರೆ, ನಡೆಯದ ಘಟನೆಯನ್ನು ಕಟ್ಟುವುದು ಬೇರೆ. 'ನೀರು ಹೊತ್ತಿಗೆ ಸರಿಯಾಗಿ ಬಿಡುವುದಿಲ್ಲ' ಎನ್ನುವುದು ನಡತೆಯ ಬಗೆಗಿನ ಮಾತು. 'ಲಂಚ ತಿಂದು ನಿಲ್ಲಿಸಿದ' ಎನ್ನುವುದು ಘಟನೆ. ಅದನ್ನು ಯಾರೂ ನೋಡಿರಲಿಲ್ಲ. ಮಕ್ಕಳನ್ನು ಕೇಳಿದಾಗ, "ಎಲ್ಲಾರೂ ಹಂಗೇ ಅಂತಾರೆ ಮಿಸ್" ಎಂಬುದಷ್ಟೇ ಆಧಾರವಾಗಿತ್ತು.

ಶಾಲೆಯೊಳಗೆ ಆಡಿದ್ದು ಶಾಲೆಯೊಳಗೇ ಉಳಿಯುತ್ತದೆ ಎಂಬ ಭರವಸೆಯೂ ಬೇಡ. 2020ರ ಜನವರಿಯಲ್ಲಿ ಬೀದರಿನ ಒಂದು ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಅದರ ವಿಡಿಯೊ ಫೇಸ್‌ಬುಕ್ಕಿಗೆ ಹೋಯಿತು. ದೂರು ದಾಖಲಾಗಿ, ಒಬ್ಬ ಶಿಕ್ಷಕಿಯೂ ಒಬ್ಬ ಮಗುವಿನ ತಾಯಿಯೂ ಜೈಲಿಗೆ ಹೋದರು. ಪೊಲೀಸರು ಮಕ್ಕಳನ್ನೂ ಪ್ರಶ್ನಿಸಿದರು. ಅದು ಮಾನಹಾನಿಯ ಪ್ರಕರಣವಲ್ಲ, ರಾಜದ್ರೋಹದ್ದು. ಶಾಲಾ ಆಡಳಿತದವರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನ್‌ನಲ್ಲಿ ರದ್ದುಮಾಡಿತು. ಆ ಆದೇಶದಲ್ಲೇ ನ್ಯಾಯಾಲಯ, ಮಕ್ಕಳಿಂದ ಸರ್ಕಾರದ ನೀತಿಗಳನ್ನು ಟೀಕಿಸುವಂಥ ನಾಟಕ ಆಡಿಸುವುದರ ಬಗ್ಗೆ ಅಸಮಾಧಾನವನ್ನೂ ಸೂಚಿಸಿತು. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಮೂರು ವರ್ಷಕ್ಕೂ ಮೇಲೆ ಎಳೆದ ಪ್ರಕರಣವೊಂದು ಫೋನಿನ ಒಂದು ವಿಡಿಯೊದಿಂದ ಹುಟ್ಟಿತು ಎಂಬುದನ್ನು ಮರೆಯುವ ಹಾಗೂ ಇಲ್ಲ.

ಇಷ್ಟು ತಿಳಿದ ಮೇಲೆ ಸುಲಭದ ದಾರಿ ಸ್ಕಿಟ್‌ ಅನ್ನೇ ಕೈಬಿಡುವುದು. ಮಾರ್ಗದರ್ಶಕ ಶಿಕ್ಷಕಿ ಅದನ್ನು ಒಪ್ಪಲಿಲ್ಲ. ಮಕ್ಕಳ ಮನೆಯವರು ನೀರಿಗಾಗಿ ಪಟ್ಟ ಪಾಡು ಸುಳ್ಳಲ್ಲವಲ್ಲ. ತಿದ್ದೋಣ ಎಂದರು. ಮೂರು ಸಲ ತಿದ್ದಿದೆವು.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆವು, ಹೆಸರು ಬದಲಿಸಿದೆವು. ನಿಜವಾದ ಹೆಸರಿನ ಮೊದಲ ಅಕ್ಷರವನ್ನು ತಿರುಚಿ ಮಕ್ಕಳು ಇಟ್ಟಿದ್ದ ಹೆಸರನ್ನು ತೆಗೆದು, 'ಭಗೀರಥಪ್ಪ' ಎಂದು ಇಟ್ಟೆವು. ಮೊದಲಿಗೆ 'ಈ ಪಾತ್ರಗಳೆಲ್ಲ ಕಾಲ್ಪನಿಕ' ಎಂದು ಮೈಕಿನಲ್ಲಿ ಹೇಳಿಸೋಣ ಎಂದು ಒಬ್ಬ ಹುಡುಗಿ ಸೂಚಿಸಿದಳು. ಇದು ಸಾಕೇ ಎಂದು ತಿಳಿಯಲು ಚೀಟಿ ಪರೀಕ್ಷೆ ಮಾಡಿದೆವು. ಪಕ್ಕದ ವಿಭಾಗದ 38 ಮಕ್ಕಳಿಗೆ ಸ್ಕಿಟ್ ತೋರಿಸಿ, ಚೀಟಿಯಲ್ಲಿ ಎರಡೇ ಪ್ರಶ್ನೆಗೆ ಉತ್ತರ ಬರೆಯಲು ಹೇಳಿದೆ: ಇದು ಯಾವುದರ ಬಗ್ಗೆ? ಇದರಲ್ಲಿ ನಿಮಗೆ ಯಾರ ನೆನಪು ಬಂತು? ಚೀಟಿಯ ಮೇಲೆ ತಮ್ಮ ಹೆಸರು ಬರೆಯುವುದು ಬೇಡ, ಓದಿದ ಮೇಲೆ ಹರಿದುಹಾಕುತ್ತೇನೆ ಎಂದೂ ಹೇಳಿದ್ದೆ. 38ರಲ್ಲಿ 29 ಚೀಟಿಗಳಲ್ಲಿ ಒಂದೇ ಹೆಸರಿತ್ತು. 'ಕಾಲ್ಪನಿಕ' ಎಂಬ ಘೋಷಣೆ ಸಹಾಯ ಮಾಡಲಿಲ್ಲ. ಒಬ್ಬ ಬರೆದಿದ್ದ: 'ಕಾಲ್ಪನಿಕ ಅಂದ್ರಲ್ಲ, ಅದಕ್ಕೇ ಗೊತ್ತಾಯ್ತು.'

ಹಾಗಾದರೆ ಗುರುತು ಎಲ್ಲಿದೆ ಎಂದು ಹುಡುಕಲು ಕರಿಹಲಗೆಯ ಮೇಲೆ ಸ್ಕಿಟ್‌ನ ಒಂದೊಂದೇ ವಿವರ ಬರೆದೆವು. ಟವೆಲು, ಕಾಲು, ಮಾತಿನ ಕೊನೆಯ ಪದ, ಲಾರಿಯ ಬರಹ, ಬೋರ್‌ವೆಲ್ ಇರುವ ಜಾಗ, ವಾಲ್ವ್‌ಮನ್ ಎಂಬ ಕೆಲಸ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇಂಥದ್ದು ನಮ್ಮ ಸುತ್ತಮುತ್ತ ಎಷ್ಟು ಜನರಿಗಿದೆ? ಟವೆಲು ನೂರಾರು ಜನರ ಹೆಗಲ ಮೇಲಿದೆ. ಟವೆಲೂ ಕಾಲೂ ಸೇರಿದರೆ ಒಬ್ಬರೇ. ವಾಲ್ವ್‌ಮನ್ ಬೆಂಗಳೂರಿಗೆಲ್ಲ ಎಷ್ಟೋ ಜನರಿರಬಹುದು, ನಮ್ಮ ಬೀದಿಗೆ ಒಬ್ಬರೇ. ಊರಿನಲ್ಲಿ ಒಬ್ಬರೇ ಮಾಡುವ ಕೆಲಸದ ಹೆಸರು ಹೇಳಿದರೆ ಆ ವ್ಯಕ್ತಿಯ ಹೆಸರು ಹೇಳಿದಂತೆಯೇ. ಈ ಮಾತು ಮಕ್ಕಳಿಗೆ ಹೊಸದಾಗಿತ್ತು, ನಿಜ ಹೇಳಬೇಕೆಂದರೆ ನನಗೂ.

ಗುಂಪಿನ ವಿಷಯದಲ್ಲೂ ಇದೇ ಲೆಕ್ಕ. 'ಟ್ಯಾಂಕರ್‌ನವರೆಲ್ಲ ಕಳ್ಳರು' ಎಂದರೆ ಪರವಾಗಿಲ್ಲವೇ ಎಂದು ಒಬ್ಬ ಕೇಳಿದ. ಗುಂಪಿನ ಮೇಲಿನ ಆರೋಪವೂ ಮಾನಹಾನಿಯಾಗಬಹುದು, ಆದರೆ ಆ ಗುಂಪು ಖಚಿತವಾಗಿ ಗುರುತಿಸುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಇಡೀ ಬೆಂಗಳೂರಿನ ಟ್ಯಾಂಕರ್‌ಗಳೆಂದರೆ ಅದು ಲೆಕ್ಕಕ್ಕೆ ಸಿಗದ ಗುಂಪು. ಆ ಬಡಾವಣೆಯ ಎರಡು ಟ್ಯಾಂಕರ್ ಎಂದರೆ ಬೆರಳು ತೋರಿಸಿದ ಹಾಗೆಯೇ. ಕಾನೂನಿಗೆ ಸಿಗದಿದ್ದರೂ 'ಎಲ್ಲರೂ ಕಳ್ಳರು' ಎಂಬುದು ಸೋಮಾರಿ ಬರಹ ಎಂದು ನಾನು ಸೇರಿಸಿದೆ.

ಎಳೆದ ಕಾಲಿನ ವಿಷಯದಲ್ಲಿ ಕಾನೂನಿನ ತನಕ ಹೋಗಲೇ ಇಲ್ಲ. ಕಾಲು ನೋಯುವುದಕ್ಕೂ ನೀರಿನ ಬೆಲೆಗೂ ಏನು ಸಂಬಂಧ ಎಂದು ಕೇಳಿದೆ. ಪಾತ್ರ ಮಾಡಿದ ಹುಡುಗ ತಲೆ ತಗ್ಗಿಸಿದ. ಅಲ್ಲಿಗೆ ಬಿಟ್ಟೆ.

ಎರಡನೆಯ ಸಲ ತಿದ್ದುವಾಗ ಹೆದರಿ ಎಲ್ಲವನ್ನೂ ತೆಗೆದೆವು. ದೊರೆ ಹೋದ, ಮಂತ್ರಿ ಹೋದ, ಬೆಲೆ ಹೋಯಿತು. ಒಬ್ಬ ಅಜ್ಜಿ ಬಂದು ನೀರನ್ನು ಮಿತವಾಗಿ ಬಳಸಿ ಎಂದು ಹೇಳುವಲ್ಲಿಗೆ ಬಂದು ನಿಂತಿತು. ಚೀಟಿಗಳಲ್ಲಿ ಯಾರ ಹೆಸರೂ ಬರಲಿಲ್ಲ. ಮೊದಲ ಪ್ರಶ್ನೆಗೆ ಹೆಚ್ಚಿನವರು 'ನೀರು ಉಳಿಸಿ' ಎಂದು ಬರೆದರು. ಯಾರೂ ನಗಲಿಲ್ಲ, ಹಿಂದಿನ ಬೆಂಚಿನಲ್ಲಿ ಇಬ್ಬರು ಪುಸ್ತಕದ ಮೇಲೆ ಚುಕ್ಕಿ ಆಟ ಆಡುತ್ತಿದ್ದರು. ಈ ರೂಪಕ್ಕೆ ಇನ್ನೊಂದು ದೋಷವೂ ಇತ್ತು, ಅದನ್ನು ಕಂಡುಹಿಡಿದದ್ದು ಬರೆದ ಗುಂಪಿನ ಹುಡುಗಿಯೇ. "ಮಿಸ್, ಇದ್ರಲ್ಲಿ ತಪ್ಪೆಲ್ಲಾ ನಮ್ಮಮ್ಮಂದೇ ಅನ್ನೋ ಥರ ಐತೆ." ನೀರೇ ಬಾರದ ಮನೆಗೆ ಮಿತವಾಗಿ ಬಳಸಿ ಎಂದು ಬೋಧಿಸಿದರೆ ವಿಡಂಬನೆಯ ಏಟು ತಿರುಗಿ ತೊಂದರೆ ಪಟ್ಟವರ ಮೇಲೆಯೇ ಬೀಳುತ್ತದೆ.

ಮೂರನೆಯ ಸಲಕ್ಕೆ ಕೂರುವ ಮೊದಲು ಒಂದು ಅವಧಿ ಬೇರೆ ಏನನ್ನೋ ನೋಡಿದೆವು. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡ ಗುಂಡಿಯೊಂದರಲ್ಲಿ ಮೊಸಳೆ ಮಾಡಿ ಇಟ್ಟಿದ್ದರು. 2019ರಲ್ಲಿ ಹೇರೋಹಳ್ಳಿಯ ಹಾಳಾದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪಿನ ನಟ ಚಂದ್ರನ ಮೇಲೆ ನಡೆದ ಹಾಗೆ ನಿಧಾನ ನಡೆದದ್ದನ್ನು ಚಿತ್ರೀಕರಿಸಿದ್ದರು. ಆ ವಿಡಿಯೊವನ್ನು ಮಕ್ಕಳಿಗೆ ತೋರಿಸಿದೆ. ಆಟೋ ಒಂದು ಪಕ್ಕದಲ್ಲಿ ಹಾದುಹೋದಾಗ ಗುಟ್ಟು ಬಯಲಾಗಿ ಮಕ್ಕಳು ಜೋರಾಗಿ ನಕ್ಕರು. ಅದರಲ್ಲಿ ಗುತ್ತಿಗೆದಾರ ಇಲ್ಲ, ಇಂಜಿನಿಯರ್ ಇಲ್ಲ, ಯಾರ ಮೇಲೂ ಒಂದು ಮಾತಿನ ಆರೋಪವೂ ಇಲ್ಲ. ಆದರೂ ಯಾವುದರ ಬಗ್ಗೆ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಎರಡೂ ಸಲ ರಸ್ತೆಗೆ ದುರಸ್ತಿಯವರು ಬೇಗ ಬಂದರು. 'ಇಲ್ಲಿ ಪಾತ್ರ ಯಾರು?' ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬ ಹೇಳಿದ: "ಗುಂಡಿನೇ ಮಿಸ್."

ಈ ಉತ್ತರದಿಂದಲೇ ನಮ್ಮ ಸ್ಕಿಟ್‌ಗೂ ದಾರಿ ಸಿಕ್ಕಿತು. ನೀರಿನ ಕಥೆಯಲ್ಲಿ ಮನುಷ್ಯರಲ್ಲದ ಪಾತ್ರ ಯಾವುದು? ಅದಕ್ಕೆ ಮಕ್ಕಳ ಕೈಗೆ ಒಂದು ದಾಖಲೆ ಕೊಟ್ಟೆ. 2024ರ ಮಾರ್ಚಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತ್ತು. 5 ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. 5ರಿಂದ 10 ಕಿಲೋಮೀಟರಿನವರೆಗೆ ಇವೇ ಅಳತೆಗಳಿಗೆ 750, 850 ಮತ್ತು 1,200. ಮಕ್ಕಳು ಈ ಪಟ್ಟಿಯನ್ನು ಓದಿದ ಕೂಡಲೇ ಎರಡು ವಿಷಯ ಹಿಡಿದರು. ತಮ್ಮ ಮನೆಯವರಿಗೆ ಇಂಥದ್ದೊಂದು ಪಟ್ಟಿ ಇದೆಯೆಂದೇ ಗೊತ್ತಿರಲಿಲ್ಲ. ಮತ್ತು ಪಟ್ಟಿ ಹತ್ತು ಕಿಲೋಮೀಟರಿಗೆ ನಿಂತುಬಿಡುತ್ತದೆ. ಈ ಎರಡರಲ್ಲೂ ನಗೆ ಇದೆ, ಎರಡೂ ನಿಜ, ಯಾವುದೂ ಒಬ್ಬರ ಮೇಲಿನ ಆರೋಪವಲ್ಲ.

ಹಾಗೆ ದರಪಟ್ಟಿಯೇ ಒಂದು ಪಾತ್ರವಾಯಿತು. ಎದೆಗೂ ಬೆನ್ನಿಗೂ ಚಾರ್ಟ್ ಪೇಪರ್ ಕಟ್ಟಿಕೊಂಡ ಹುಡುಗ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಾನೆ. ಅವನು ಕೂಗುತ್ತಲೇ ಇರುತ್ತಾನೆ, ಯಾರಿಗೂ ಕೇಳಿಸುವುದಿಲ್ಲ. ಹೊಸ ಬರಹದ ಮುಖ್ಯ ಭಾಗ ಹೀಗಿತ್ತು:

ಅಮ್ಮ: (ಫೋನಿನಲ್ಲಿ) ಅಣ್ಣಾ, ಒಂದು ಲೋಡು ನೀರು ಬೇಕಿತ್ತು.

ಟ್ಯಾಂಕರ್: ಮನೆ ಎಲ್ಲಮ್ಮಾ?

ಅಮ್ಮ: ಇಲ್ಲೇ. ನಮ್ಮ ಟೆರೇಸ್ ಮೇಲೆ ನಿಂತ್ರೆ ನಿಮ್ಮ ಬೋರ್‌ವೆಲ್ ಕಾಣ್ಸುತ್ತೆ.

ದರಪಟ್ಟಿ: ಐದು ಕಿಲೋಮೀಟರ್ ಒಳಗೆ! ಆರು ಸಾವಿರ ಲೀಟರ್! ಆರುನೂರು ರೂಪಾಯಿ!

ಅಮ್ಮ: ಏನೋ ಸದ್ದಾಯ್ತಲ್ಲ?

ಟ್ಯಾಂಕರ್: ಗಾಳಿಗೆ ಯಾವ್ದೋ ಪೇಪರ್ ಪಟಪಟ ಅಂತೈತೆ ಬಿಡಿ. ನೋಡಮ್ಮಾ, ನಿಮಗೆ ಕಾಣ್ಸುತ್ತೆ ಸರಿ. ಆದ್ರೆ ನಾವು ಕಣ್ಣಲ್ಲಿ ಬರಲ್ಲ, ರೋಡಲ್ಲಿ ಬರ್ತೀವಿ. ಮೊದಲ್ನೇ ಗುಂಡಿ ಬಳಸ್ಬೇಕು. ಎರಡನೇ ಕಡೆ ಅಗ್ದವ್ರೆ, ಅದನ್ನ ಬಳಸ್ಬೇಕು. ಮೂರನೇದು ಬಳಸಿದ್ರೆ ವಾಪಸ್ ನಮ್ಮ ಬೋರ್‌ವೆಲ್ಲೇ ಸಿಗುತ್ತೆ.

ಅಮ್ಮ: ಹಂಗಾದ್ರೆ ಎಷ್ಟು ಕಿಲೋಮೀಟರಪ್ಪಾ?

ಟ್ಯಾಂಕರ್: ಹನ್ನೊಂದು.

ದರಪಟ್ಟಿ: (ಗಾಬರಿಯಿಂದ ಎದೆ, ಬೆನ್ನು ಎಲ್ಲ ತಡಕಾಡುತ್ತ) ಹನ್ನೊಂದಾ? ನಾನು ಹತ್ತಕ್ಕೇ ಮುಗ್ದೋದೆ!

ವಾಲ್ವ್‌ಮನ್‌ನ ಜಾಗಕ್ಕೆ ವಾಲ್ವೇ ಬಂತು. ಹಳೆಯ ಸೈಕಲ್ಲಿನ ಚಕ್ರವೊಂದನ್ನು ತಲೆಯ ಮೇಲೆ ಹಿಡಿದ ಹುಡುಗಿ. ಅಜ್ಜಿ ಚಕ್ರ ತಿರುಗಿಸುತ್ತಾಳೆ, ಬುಸ್ಸೆಂದು ಗಾಳಿ ಬರುತ್ತದೆ, ಪಕ್ಕದಲ್ಲಿ ಮೀಟರ್ ಆದ ಹುಡುಗ ಗಿರಗಿರ ಸುತ್ತುತ್ತ, "ಬಂತು, ಬಂತು, ಬಿಲ್ಲು ಬಂತು" ಎನ್ನುತ್ತಾನೆ. ಲಂಚದ ಮಾತು ಪೂರ್ತಿ ಹೋಯಿತು. ನಲ್ಲಿಯಲ್ಲಿ ಬರೀ ಗಾಳಿ ಬರುವುದು ಮಕ್ಕಳು ದಿನವೂ ಕಂಡ ಸಂಗತಿ, ಲಂಚ ಯಾರೂ ಕಂಡದ್ದಲ್ಲ. ಅದೇ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿತ್ತು. ಅದರಿಂದ ಒಂದು ಮಾತು ಹುಟ್ಟಿತು. ಅಳುವ ಮಗುವಿಗೆ ಅಜ್ಜಿ ಹೇಳುತ್ತಾಳೆ: "ಅಳಬೇಡ ಕಂದಾ, ಕಣ್ಣೀರು ಬಿದ್ದು ಅಪ್ಪನ ಬೈಕು ತೊಳೆದೋದ್ರೆ ಐದು ಸಾವಿರ ದಂಡ."

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಳೆಯ ಬರಹದಲ್ಲೂ ಉತ್ಪ್ರೇಕ್ಷೆ ಇತ್ತು. ಆದರೆ 'ಕೆರೆ ನೀರು ತುಂಬಿಸಿ ಮಾರುತ್ತಾನೆ' ಎಂಬುದು ನಡೆಯಬಹುದಾದ ಸಂಗತಿ, ಕೇಳಿದವರು ನಂಬಿಬಿಡುತ್ತಾರೆ. ಕಣ್ಣೀರಿನಲ್ಲಿ ಬೈಕು ತೊಳೆದುಹೋಗುವುದನ್ನು ಯಾರೂ ನಂಬುವುದಿಲ್ಲ. ಉತ್ಪ್ರೇಕ್ಷೆ ಅರ್ಧ ದಾರಿಯಲ್ಲಿ ನಿಂತರೆ ಅದು ಸುದ್ದಿಯ ಹಾಗೆ ಕೇಳಿಸುತ್ತದೆ. ಅಸಾಧ್ಯದವರೆಗೆ ಹೋದರೆ ಮಾತ್ರ ಅದು ತಮಾಷೆ ಎಂದು ತಿಳಿಯುತ್ತದೆ. ಮಕ್ಕಳ ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಮೂರರಲ್ಲಿ ಒಂದು ಗುರುತು ಹಾಕಿಸಿದೆ: ನಾವು ಕಂಡದ್ದು, ನಮ್ಮ ಅಭಿಪ್ರಾಯ, ಅಸಾಧ್ಯವಾದದ್ದು. ಈ ಮೂರಕ್ಕೂ ಸೇರದ ಸಾಲು, ಅಂದರೆ ಕಂಡಿಲ್ಲ ಆದರೆ ನಡೆದಿರಬಹುದು ಎನಿಸುವಂಥದ್ದು, ಬಿದ್ದುಹೋಯಿತು. ಹಾಗೆ ಬಿದ್ದ ಸಾಲುಗಳು ಏಳು. 1,800 ರೂಪಾಯಿಯ ಸಾಲು ಮೊದಲನೆಯ ಗುಂಪಿಗೇ ಸೇರುತ್ತಿತ್ತು, ಏಕೆಂದರೆ ಇಬ್ಬರ ಮನೆಯವರು ಅಷ್ಟು ಕೊಟ್ಟಿದ್ದರು. ಆದರೆ ಕೊಟ್ಟದ್ದು ಯಾರಿಗೆ ಎಂಬುದು ಮತ್ತೆ ಒಬ್ಬರ ಕಡೆಗೇ ಬೆರಳು ತೋರಿಸುತ್ತಿತ್ತು. ಸ್ಕಿಟ್‌ಗೆ ಅದು ಬೇಡವೆಂದು, ಹೆಚ್ಚು ದರ ಕೇಳಿದರೆ ದೂರು ಕೊಡುವುದು ಹೇಗೆ ಎಂಬ ಪತ್ರಲೇಖನವನ್ನು ಬೇರೆ ಅವಧಿಯಲ್ಲಿ ಮಾಡಿಸಿದೆ. ಒಬ್ಬ ವ್ಯಕ್ತಿ ನಿಜವಾಗಿ ತಪ್ಪು ಮಾಡಿದ್ದರೆ ಅದಕ್ಕೆ ಜಾಗ ದೂರಿನ ಅರ್ಜಿ, ರಂಗಸ್ಥಳವಲ್ಲ.

ಹೆಸರೂ ಬದಲಾಯಿತು. 'ನೀರಿನ ದೊರೆ' ಎಂದರೆ ಯಾರು ಆ ದೊರೆ ಎಂದು ನೋಡುವವರು ಹುಡುಕತೊಡಗುತ್ತಾರೆ. ಕೈಲಾಸಂ ಅವರ 'ಬಂಡ್ವಾಳ್ವಿಲ್ಲದ ಬಡಾಯಿ'ಯ ಶೀರ್ಷಿಕೆಯಲ್ಲಿರುವುದು ಬಡಾಯಿ, ಬಡಾಯಿ ಕೊಚ್ಚುವವನ ಹೆಸರಲ್ಲ. ಹಾಗೆ ನಮ್ಮದು 'ಐದು ಕಿಲೋಮೀಟರ್' ಆಯಿತು.

ಇಷ್ಟಾದ ಮೇಲೂ ಚೀಟಿಗಳಲ್ಲಿ ಆ ಹೆಸರು ಐದು ಸಲ ಬಂತು. ಬರಹದಲ್ಲಿ ಏನೂ ಉಳಿದಿಲ್ಲ, ಎಲ್ಲಿಂದ ಬಂತು ಎಂದು ಮತ್ತೊಮ್ಮೆ ಆಡಿಸಿ ನೋಡಿದೆ. ಟ್ಯಾಂಕರ್ ಪಾತ್ರ ಮಾಡಿದ್ದು ಅದೇ ಹುಡುಗ. ಕಾಲು ಎಳೆಯುವುದನ್ನು ಬಿಟ್ಟಿದ್ದ, ಆದರೆ ಗೊತ್ತಿಲ್ಲದೆಯೇ ಹೆಗಲು ಹಾರಿಸುತ್ತ, ಅದೇ ರಾಗದಲ್ಲಿ 'ಅಮ್ಮಾ' ಎನ್ನುತ್ತಿದ್ದ. ಬರಹವನ್ನು ತಿದ್ದಿದರೆ ಮುಗಿಯುವುದಿಲ್ಲ, ಗುರುತು ನಟನ ಮೈಯಲ್ಲಿ ಉಳಿದಿರುತ್ತದೆ. ಲಿಖಿತ ಪ್ರತಿಯನ್ನಷ್ಟೇ ಓದಿ ಒಪ್ಪಿಗೆ ಕೊಡುವ ಶಿಕ್ಷಕರಿಗೆ ಇದು ಕಾಣುವುದೇ ಇಲ್ಲ. ಹುಡುಗನಿಗೆ ಬೈದು ಪ್ರಯೋಜನವಿರಲಿಲ್ಲ, ಪಾತ್ರವನ್ನೇ ಬೇರೆ ಮಾಡಿದೆವು. ಮೂವರು ಮಕ್ಕಳು ಒಬ್ಬರ ಹಿಂದೊಬ್ಬರು ನಿಂತು, ಸುತ್ತಲೂ ನೀಲಿ ದುಪ್ಪಟ್ಟಾ ಕಟ್ಟಿಕೊಂಡು, ಒಟ್ಟಿಗೆ ಮಾತಾಡುವ ಟ್ಯಾಂಕರ್ ಆದರು. ಮೂರು ದನಿ ಒಟ್ಟಿಗೆ ಬಂದಾಗ ಯಾರ ಅನುಕರಣೆಯೂ ಆಗುವುದಿಲ್ಲ. ಜೊತೆಗೆ 'ಹನ್ನೊಂದು' ಎಂಬ ಮಾತಿಗೆ ಮೊದಲಿನ ಎರಡರಷ್ಟು ನಗೆ ಬಂತು. ಹಳೆಯ ದೊರೆ ಈಗ ದರಪಟ್ಟಿಯಾದ. ಮೈ ತಡಕಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಕೊನೆಯ ಚೀಟಿಗಳಲ್ಲಿ 'ಯಾರ ನೆನಪು ಬಂತು' ಎಂಬುದಕ್ಕೆ 'ನಮ್ಮಮ್ಮ' ಎಂಬ ಉತ್ತರ ಹನ್ನೆರಡು, 'ನಮ್ಮ ರೋಡು' ಎಂಬುದು ಎಂಟು, 'ಯಾರೂ ಇಲ್ಲ' ಎಂಬುದು ಒಂಬತ್ತು. ಉಳಿದವು ಚದುರಿದ ಉತ್ತರಗಳು. ಆ ಹೆಸರು ಒಂದು ಚೀಟಿಯಲ್ಲಿ ಇನ್ನೂ ಇತ್ತು. ಅದನ್ನು ಬಿಟ್ಟುಬಿಟ್ಟೆ. ಒಬ್ಬರಿಂದಲೇ ನೀರು ಕೊಳ್ಳುವ ಮನೆಯ ಮಗುವಿಗೆ ಟ್ಯಾಂಕರ್ ಎಂದರೆ ಅವರೇ, ಅದನ್ನು ಬರಹದಿಂದ ತೆಗೆಯಲಾಗುವುದಿಲ್ಲ. ಇದೇ ಮಕ್ಕಳು ಮೂರು ರೂಪವನ್ನೂ ನೋಡಿದ್ದರಿಂದ ಈ ಪರೀಕ್ಷೆ ಅಷ್ಟು ಶುದ್ಧವೂ ಅಲ್ಲ. ಪ್ರತಿ ಸಲ ಬೇರೆ ತರಗತಿಯನ್ನು ಕೂರಿಸಬೇಕಿತ್ತು.

ಇಷ್ಟಕ್ಕೆ 40 ನಿಮಿಷದ ಆರು ಅವಧಿ ಹಿಡಿಯಿತು, ನನ್ನ ಪಾಠಯೋಜನೆಯಲ್ಲಿ ಇದ್ದದ್ದು ಎರಡು. ರಾಜ್ಯೋತ್ಸವದ ದಿನ ವಿಡಿಯೊ ತೆಗೆದದ್ದು ಶಾಲೆಯ ಒಂದೇ ಫೋನಿನಲ್ಲಿ, ಮುಖ್ಯ ಶಿಕ್ಷಕರ ಬಳಿ ಅದು ಈಗಲೂ ಇದೆ. ವಾಲ್ವ್‌ಮನ್ ಅವರ ಮಗು ಎರಡು ದಿನ ಬಿಟ್ಟು ಶಾಲೆಗೆ ಬಂದಿತ್ತು. ಬರೆದ ಗುಂಪಿನ ಇಬ್ಬರು ತಾವಾಗಿಯೇ ಹೋಗಿ ಮಾತಾಡಿಸಿದರೆಂದು ಆಮೇಲೆ ತಿಳಿಯಿತು, ಏನು ಹೇಳಿದರೆಂದು ನಾನು ಕೇಳಲಿಲ್ಲ. ಕಾರ್ಯಕ್ರಮದ ದಿನ ಆ ಮಗು ಮೂರನೇ ಸಾಲಿನಲ್ಲಿ ಕೂತಿತ್ತು. ಮೀಟರ್ ಗಿರಗಿರ ಸುತ್ತುವಾಗ ಪಕ್ಕದವಳಿಗೆ ಏನೋ ಹೇಳಿ ನಕ್ಕಿತು.